ವಾಚಿನ ಚರ್ಮದ ಬೆಲ್ಟಿಗೆ ಬಿಳಿ ಕಲೆ, ವಾಸನೆ, ಬಿರುಕು: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಜುಲೈ ತಿಂಗಳ ಒಂದು ಭಾನುವಾರ ಪುತ್ತೂರಿನಿಂದ ಬಂದ ದೊಡ್ಡಪ್ಪ, ಕರವಸ್ತ್ರದಲ್ಲಿ ಸುತ್ತಿದ್ದ ವಾಚನ್ನು ಮೇಜಿನ ಮೇಲಿಟ್ಟರು. ಎಚ್‌ಎಂಟಿ ಜನತಾ, ದಿನಾ ಕೀಲಿ ಕೊಡುವ ವಾಚ್. ಅದಕ್ಕೆ ಎರಡು ವರ್ಷದ ಹಿಂದೆ ಹಾಕಿಸಿದ ಕಪ್ಪು ಚರ್ಮದ ಬೆಲ್ಟ್. "ವಾಚ್ ಸರಿ ಉಂಟು ಮಾರಾಯ. ಬೆಲ್ಟಿಗೆ ಏನೋ ಬಿಳಿ ಹಿಡಿದಿದೆ. ಒರೆಸಿದರೆ ಹೋಗ್ತದೆ, ಎರಡು ದಿನ ಬಿಟ್ಟರೆ ಪುನಃ ಬರ್ತದೆ" ಎಂದರು.

ಮಂಗಳೂರಿನಲ್ಲಿ ಮಳೆಗಾಲ ಬಂದರೆ ನನ್ನ ಹತ್ತಿರ ಇಂಥ ಬೆಲ್ಟ್‌ಗಳು ನಾಲ್ಕಾರು ಬರುತ್ತವೆ. ಹಳೆಯ ವಾಚ್‌ಗಳ ಮೇಲಿನ ಪ್ರೀತಿಯಿಂದ ಮಾಡುತ್ತಾ ಬಂದ ಕೆಲಸ ಇದು. ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾದದ್ದು ಒಂದು: ಬೆಲ್ಟಿನ ಮೇಲೆ ಕಾಣುವ ಕಾಯಿಲೆ ಬಹುತೇಕ ಅದರ ಒಳಮೈಯಲ್ಲಿ, ಅಂದರೆ ಕೈಗೆ ತಾಗುವ ಬದಿಯಲ್ಲಿ, ತಿಂಗಳುಗಳ ಹಿಂದೆಯೇ ಶುರುವಾಗಿರುತ್ತದೆ. ದೊಡ್ಡಪ್ಪನ ಬೆಲ್ಟಿನ ಬಿಳಿ ಕಲೆಯ ಬೇರು ಜುಲೈಯ ಮಳೆಯಲ್ಲಿರಲಿಲ್ಲ, ಮೇ ತಿಂಗಳ ಬೆವರಿನಲ್ಲಿತ್ತು. ಅದು ಹೇಗೆ ಎನ್ನುವುದು ಮುಂದೆ ಬರುತ್ತದೆ. ಆ ಬೆಲ್ಟನ್ನೇ ಇಟ್ಟುಕೊಂಡು ಒಂದೊಂದು ಲಕ್ಷಣವನ್ನು ನೋಡೋಣ.

ಯಾವುದೇ ಪರೀಕ್ಷೆಗೆ ಮೊದಲು: ಬೆಲ್ಟ್ ಬಿಚ್ಚಿ

ವಾಚ್ ಜೊತೆಗಿದ್ದಂತೆಯೇ ಬೆಲ್ಟ್ ತೊಳೆಯಲು ಹೋಗಬೇಡಿ. ಜನತಾದಂಥ ಹಳೆಯ ವಾಚ್‌ಗಳು ನೀರನ್ನು ತಡೆಯುವುದಿಲ್ಲ. ಒದ್ದೆ ಬಟ್ಟೆಯ ಒಂದು ಹನಿ ಕೀಲಿಯ ಬುಡದಿಂದ ಒಳಗೆ ಹೋದರೆ ಬೆಲ್ಟ್ ಉಳಿಸಲು ಹೋಗಿ ಡಯಲ್ ಕಳೆದುಕೊಂಡಂತಾಗುತ್ತದೆ.

ಬೆಲ್ಟನ್ನು ವಾಚಿನ ಕಿವಿಗಳ ನಡುವೆ ಹಿಡಿದಿರುವುದು ಎರಡು ತುದಿಯಲ್ಲೂ ಸ್ಪ್ರಿಂಗ್ ಇರುವ ಸಣ್ಣ ಪಿನ್. ವಾಚನ್ನು ದಪ್ಪ ಟವೆಲ್ ಮೇಲೆ ಬೋರಲು ಹಾಕಿ. ಪಿನ್ ತೆಗೆಯುವ ಕವಲು ತುದಿಯ ಸಲಕರಣೆಯನ್ನು ಬೆಲ್ಟ್ ಮತ್ತು ಕಿವಿಯ ನಡುವಿನ ಸಂದಿಗೆ ತೂರಿಸಿ, ಪಿನ್ನಿನ ಭುಜವನ್ನು ಒಳಕ್ಕೆ ಒತ್ತಿ, ಬೆಲ್ಟನ್ನು ಮೆಲ್ಲನೆ ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಪಿನ್ ಹಾರಿ ಕಣ್ಣಿಗೆ ಬೀಳುವುದು ನಿಜವಾಗಿ ಆಗುವ ಅಪಾಯ. ಕನ್ನಡಕ ಹಾಕಿಕೊಳ್ಳಿ, ಇನ್ನೊಂದು ಕೈಯ ಬೆರಳನ್ನು ಪಿನ್ನಿನ ಮೇಲೆ ಅಡ್ಡ ಇಟ್ಟುಕೊಳ್ಳಿ. ಚಾಕುವಿನ ತುದಿ ಬಳಸಿದರೆ ಕೇಸಿಗೆ ಗೀರು ಬೀಳುತ್ತದೆ, ಜಾರಿದರೆ ಬೆರಳಿಗೂ ಏಟು.

ಇಲ್ಲಿ ನಿಲ್ಲಬೇಕಾದ ಸಂದರ್ಭಗಳೂ ಇವೆ. ಪಿನ್ ತುಕ್ಕು ಹಿಡಿದು ಅಲುಗಾಡದಿದ್ದರೆ, ಕೆಲವು ಹಳೆಯ ವಾಚ್‌ಗಳಂತೆ ಕಿವಿಗೆ ಕಂಬಿಯೇ ಬೆಸೆದಿದ್ದರೆ, ಅಥವಾ ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ವಾಚ್ ರಿಪೇರಿಯವರ ಬಳಿ ಹೋಗಿ. ಗಾಜಿನೊಳಗೆ ಮಂಜು ಇದ್ದರೆ ಅದೇ ದಿನ ಹೋಗಬೇಕು. ಒಳಗಿನ ಉಕ್ಕಿನ ಭಾಗಗಳು ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ.

ಬೆಲ್ಟ್ ಕೈಗೆ ಬಂದ ಮೇಲೆ ತಿರುಗಿಸಿ ಒಳಮೈ ನೋಡಿ. ಮೇಲ್ಮೈಗೆ ಬಣ್ಣ ಮತ್ತು ಪಾಲಿಶಿನ ರಕ್ಷಣೆ ಇರುತ್ತದೆ. ಒಳಪದರಕ್ಕೆ ಅದು ಕಡಿಮೆ, ಬೆವರನ್ನು ಮೊದಲು ಕುಡಿಯುವುದು ಅದೇ. ಅಲ್ಲಿಂದ ಬೆವರು ನಡುವಿನ ತುಂಬುಪದರಕ್ಕೆ ಇಳಿಯುತ್ತದೆ, ಹೊಲಿಗೆಯ ತೂತುಗಳ ಮೂಲಕ ಮೇಲಕ್ಕೂ ಬರುತ್ತದೆ.

ಬಿಳಿ ಕಲೆ ಕಾಣಿಸುತ್ತಿದೆ

ಚರ್ಮದ ಮೇಲಿನ ಬಿಳಿ ಕಲೆಗೆ ಮೂರು ಕಾರಣಗಳಿರಬಹುದು: ಉಪ್ಪು, ಬೂಸ್ಟು, ಕೊಬ್ಬು. ಮೂರಕ್ಕೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಸ್ಥಿತಿ ಕೆಡುತ್ತದೆ. ಆದ್ದರಿಂದ ಒರೆಸುವ ಮೊದಲು ಎರಡು ನಿಮಿಷ ಕೂತು ನೋಡಬೇಕು. ಖರ್ಚಿಲ್ಲದ ಕೆಲಸ.

ಮೊದಲು ಕಲೆಯ ಆಕಾರ ನೋಡಿ. ಮೋಡದ ಅಂಚಿನಂತೆ, ಒಣಗಿದ ಕೆರೆಯ ದಂಡೆಯಂತೆ ಗೆರೆಯಾಗಿ ಇದ್ದರೆ ಅದು ಉಪ್ಪು. ಬೆವರು ಎಲ್ಲಿಯವರೆಗೆ ಹರಡಿ ಆರಿತೋ ಅಲ್ಲಿ ಉಪ್ಪು ಉಳಿದು ಗೆರೆ ಕಟ್ಟುತ್ತದೆ. ಉಗುರಿನಿಂದ ಕೆರೆದರೆ ಸಣ್ಣ ಹರಳಿನಂತೆ ಗರಗರ ಎನ್ನುತ್ತದೆ. ಹತ್ತಿಯ ತುದಿಯನ್ನು ನೀರಿಗೆ ಅದ್ದಿ ಮುಟ್ಟಿಸಿದರೆ ಕ್ಷಣದಲ್ಲಿ ಮಾಯವಾಗುತ್ತದೆ, ಒಣಗಿದ ಮೇಲೆ ಸ್ವಲ್ಪ ಆಚೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಬೂಸ್ಟು ಹಾಗಲ್ಲ. ಅದು ಚುಕ್ಕಿ ಚುಕ್ಕಿಯಾಗಿ, ದುಂಡಗೆ, ಹೊಲಿಗೆಯ ಸಾಲಿನಲ್ಲಿ ಮತ್ತು ಲೂಪಿನ ಅಡಿಯಲ್ಲಿ ಗಾಳಿಯಾಡದ ಕಡೆ ಹುಟ್ಟುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನವಿರಾದ ರೋಮದಂತೆ ಎದ್ದು ನಿಂತಿರುವುದು ಕಾಣುತ್ತದೆ. ಜೊತೆಗೆ ಮುಗ್ಗಲು ವಾಸನೆ ಇರುತ್ತದೆ. ಮೂಗಿಗೆ ತೀರಾ ಹತ್ತಿರ ಹಿಡಿಯಬೇಡಿ, ಒಂದು ಗೇಣು ದೂರದಿಂದಲೇ ತಿಳಿಯುತ್ತದೆ.

ಮೂರನೆಯದು ಕೊಬ್ಬು. ಚರ್ಮ ಹದ ಮಾಡುವಾಗ ಸೇರಿಸಿದ ಕೊಬ್ಬೋ, ನಾವು ಹಚ್ಚಿದ ಎಣ್ಣೆಯೋ ಮೇಲಕ್ಕೆ ಬಂದು ಹೆಪ್ಪುಗಟ್ಟಿ ತೆಳ್ಳಗಿನ ಬಿಳಿ ಮಸುಕಾಗುತ್ತದೆ. ನಮ್ಮ ಕಡೆ ಬೆಲ್ಟಿಗೆ ತೆಂಗಿನೆಣ್ಣೆ ಹಚ್ಚುವವರು ಬಹಳ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಮಂಗಳೂರಿನಲ್ಲಿ ಎಣ್ಣೆ ಹಚ್ಚಿದ ಬೆಲ್ಟ್ ಕಟ್ಟಿಕೊಂಡು ಡಿಸೆಂಬರಿನಲ್ಲಿ ಮಡಿಕೇರಿಗೆ ಹೋದವರು ಬೆಳಿಗ್ಗೆ ಎದ್ದಾಗ ಬೆಲ್ಟ್ ಬಿಳುಚಿಕೊಂಡಿದ್ದು ನೋಡಿ ಗಾಬರಿಯಾಗುವುದು ಇದರಿಂದಲೇ. ಪರೀಕ್ಷೆ ಬಹಳ ಸುಲಭ. ಹೆಬ್ಬೆರಳನ್ನು ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೈಯ ಬಿಸಿಗೆ ಕರಗಿ ಕಾಣದಾದರೆ ಕೊಬ್ಬು. ಉಪ್ಪಾಗಲಿ ಬೂಸ್ಟಾಗಲಿ ಬಿಸಿಗೆ ಕರಗುವುದಿಲ್ಲ. ಕೊಬ್ಬಾಗಿದ್ದರೆ ಮೆತ್ತನೆಯ ಒಣ ಬಟ್ಟೆಯಿಂದ ಉಜ್ಜಿ ಒರೆಸಿದರೆ ಸಾಕು. ಚರ್ಮಕ್ಕೆ ಅದರಿಂದ ಹಾನಿಯಿಲ್ಲ.

ದೊಡ್ಡಪ್ಪನ ಬೆಲ್ಟಿನಲ್ಲಿ ಎರಡು ಬಗೆಯ ಬಿಳುಪಿತ್ತು. ಒಳಮೈಯಲ್ಲಿ, ವಾಚಿನ ಕೇಸಿಗೆ ಹತ್ತಿರ, ಗೆರೆ ಕಟ್ಟಿದ ಉಪ್ಪು. ಮೇಲೆ, ಹೊಲಿಗೆಯ ಉದ್ದಕ್ಕೂ, ಎಳ್ಳು ಚೆಲ್ಲಿದಂತೆ ಬೂಸ್ಟು. ಅವರು ನೋಡಿದ್ದು ಮೇಲಿನದನ್ನು ಮಾತ್ರ.

ಈಗ ಮೇ ತಿಂಗಳ ಮಾತಿಗೆ ಬರೋಣ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಹೇಗಿರುತ್ತದೆ ನೆನಪಿಸಿಕೊಳ್ಳಿ. ಗಾಳಿಯ ತೇವಾಂಶ ಶೇ 75ರ ಸುಮಾರು ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಬೇಸಿಗೆಯಲ್ಲಿ ಬೆಲ್ಟ್ ಕುಡಿದ ಬೆವರಿನ ಉಪ್ಪು ಒಳಪದರದಲ್ಲಿ ಕೂತಿರುತ್ತದೆ. ಜೂನ್ ಬಂದ ಕೂಡಲೇ ಅದೂ ಭರಣಿಯ ಉಪ್ಪಿನಂತೆಯೇ ನೀರು ಎಳೆಯುತ್ತದೆ. ಬೆಲ್ಟ್ ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದರೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬೂಸ್ಟಿಗೆ ಬೇಕಾದ್ದು ಆ ಹಸಿ ಮತ್ತು ಬೆವರಿನ ಜೊತೆ ಸೇರಿದ ಮೈಯ ಜಿಡ್ಡು. ಮೇಲಿನ ಬೂಸ್ಟನ್ನು ಒರೆಸಿದರೂ ಒಳಗಿನ ಉಪ್ಪು ಹೋಗುವವರೆಗೆ ಬೆಲ್ಟ್ ಮತ್ತೆ ಮತ್ತೆ ಹಸಿಯಾಗುತ್ತದೆ, ಬೂಸ್ಟು ಮತ್ತೆ ಮತ್ತೆ ಬರುತ್ತದೆ.

ಬೂಸ್ಟು ತೆಗೆಯುವುದು

ಎರಡೂ ಇದ್ದರೆ ಬೂಸ್ಟು ಮೊದಲು, ಉಪ್ಪು ಆಮೇಲೆ. ಬೂಸ್ಟನ್ನು ಮನೆಯೊಳಗೆ, ಅದರಲ್ಲೂ ಫ್ಯಾನಿನ ಕೆಳಗೆ ಕೊಡವಬೇಡಿ. ಹೊರಗೆ ಜಗಲಿಗೆ ಹೋಗಿ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಒಣ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಉಳಿದ ಬೇರಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ 70 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಅದು ಚರ್ಮದ ಬಣ್ಣವನ್ನೂ ಎಬ್ಬಿಸಬಲ್ಲದು. ಹಾಗಾಗಿ ಮೊದಲು ಬಕಲಿನ ಮಡಿಕೆಯ ಒಳಗೆ, ಕಾಣದ ಜಾಗದಲ್ಲಿ, ಹತ್ತಿಯಿಂದ ಮುಟ್ಟಿಸಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ಬಿಡಿ, ಒಣ ಒರೆತದಲ್ಲೇ ತೃಪ್ತರಾಗಿ. ಹತ್ತದಿದ್ದರೆ ಹತ್ತಿಯನ್ನು ಅದ್ದಿ ಚೆನ್ನಾಗಿ ಹಿಂಡಿ, ಬೂಸ್ಟು ಇದ್ದ ಜಾಗವನ್ನು ಒಮ್ಮೆ ಬೇಗನೆ ಒರೆಸಿ. ನೆನೆಸಬಾರದು. ಒಲೆ, ದೀಪ, ಊದುಬತ್ತಿ ಹತ್ತಿರ ಇರಬಾರದು, ಈ ದ್ರವ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕೈತೊಳೆಯುವ ಸ್ಯಾನಿಟೈಸರ್ ಜೆಲ್ ಬದಲಿಗೆ ಬರುವುದಿಲ್ಲ, ಅದರ ಅಂಟು ಚರ್ಮದಲ್ಲೇ ಉಳಿದುಬಿಡುತ್ತದೆ. ಬಟ್ಟೆಗೆ ಹಾಕುವ ಬ್ಲೀಚಂತೂ ಚರ್ಮವನ್ನೇ ತಿನ್ನುತ್ತದೆ.

ಬೆವರಿನ ಉಪ್ಪು ತೆಗೆಯುವುದು

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಕಲೆ ಇರುವ ಜಾಗವನ್ನು ಮಾತ್ರ ಒರೆಸುವುದು. ಹಾಗೆ ಮಾಡಿದರೆ ಉಪ್ಪು ನೀರಿನ ಜೊತೆ ಪಕ್ಕಕ್ಕೆ ಸರಿದು ಅಲ್ಲಿ ಹೊಸ ಗೆರೆ ಕಟ್ಟುತ್ತದೆ. ಒಳಮೈ ಪೂರ್ತಿ, ಬಕಲಿನ ತುದಿಯಿಂದ ತೂತುಗಳ ತುದಿಯವರೆಗೆ, ಒಂದೇ ಸಮ ತೇವವಾಗಬೇಕು. ಆಗ ಗೆರೆ ಕಟ್ಟಲು ಅಂಚೇ ಇರುವುದಿಲ್ಲ.

ಬಿಳಿ ಹತ್ತಿ ಬಟ್ಟೆಯೊಂದನ್ನು ನೀರಿನಲ್ಲಿ ಅದ್ದಿ, ಹನಿ ಬೀಳದಷ್ಟು ಬಲವಾಗಿ ಹಿಂಡಿ. ಬೋರ್‌ವೆಲ್ಲಿನ ಗಡಸು ನೀರಾದರೆ ಅದರದ್ದೇ ಬಿಳಿ ಉಳಿಯುತ್ತದೆ, ಆರ್‌ಒ ಫಿಲ್ಟರಿನ ಕುಡಿಯುವ ನೀರು ತೆಗೆದುಕೊಳ್ಳಿ. ಒಳಮೈಯನ್ನು ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒತ್ತಿ ನೀರು ಹೀರಿಸಿ. ಉಜ್ಜುವುದಲ್ಲ, ಒತ್ತುವುದು. ಒದ್ದೆ ಬಟ್ಟೆ ಉಪ್ಪನ್ನು ಕರಗಿಸುತ್ತದೆ, ಒಣ ಬಟ್ಟೆ ಅದನ್ನು ನೀರಿನ ಸಮೇತ ಹೊರಕ್ಕೆ ಎಳೆಯುತ್ತದೆ. ಇದೇ ಜೋಡಿ ಕೆಲಸವನ್ನು ಮೂರು ಸಲ ಮಾಡಿ, ಪ್ರತಿ ಸಲವೂ ಬಟ್ಟೆಯ ಹೊಸ ಭಾಗ ಬಳಸಿ. ದೊಡ್ಡಪ್ಪನ ಬೆಲ್ಟಿನಲ್ಲಿ ಮೊದಲ ಸಲ ಬಟ್ಟೆ ಕಾಫಿ ಬಣ್ಣಕ್ಕೆ ತಿರುಗಿತು. ಮೂರನೆಯ ಸಲಕ್ಕೆ ತಿಳಿ ಚಹಾದಷ್ಟು ಉಳಿಯಿತು. ಅಲ್ಲಿಗೆ ನಿಲ್ಲಿಸಿದೆ. ಬಟ್ಟೆ ಪೂರ್ತಿ ಬಿಳಿಯಾಗಿಯೇ ಬರಲಿ ಎಂದು ಹಟ ಹಿಡಿದರೆ ಒಳಪದರದ ಬಣ್ಣವೂ ಎದ್ದು ಬರುತ್ತದೆ, ನೀರೂ ಅಂಟಿನವರೆಗೆ ಇಳಿಯುತ್ತದೆ.

ಜಿಡ್ಡು ಹೆಚ್ಚಿದ್ದರೆ ಒಂದು ಲೋಟ ನೀರಿಗೆ ಎರಡೇ ಹನಿ ಮಕ್ಕಳ ಶಾಂಪೂ ಬೆರೆಸಿ ಮೊದಲ ಸುತ್ತಿಗೆ ಬಳಸಿ. ಉಳಿದೆರಡು ಸುತ್ತು ಬರೀ ನೀರು. ಬಟ್ಟೆ ಸೋಪು ಮತ್ತು ಅಡುಗೆ ಸೋಡಾ ಬೇಡ. ಹದ ಮಾಡಿದ ಚರ್ಮ ಸ್ವಭಾವದಲ್ಲಿ ಸ್ವಲ್ಪ ಹುಳಿ, ಇವು ಕ್ಷಾರ. ವಾಸನೆಗೆಂದು ಸೋಡಾ ಉದುರಿಸಿಟ್ಟ ಬೆಲ್ಟ್‌ಗಳ ಒಳಪದರ ಒರಟಾಗಿ, ಕಪ್ಪಿಟ್ಟು ಬಂದದ್ದನ್ನು ನೋಡಿದ್ದೇನೆ. ಸ್ವೀಡ್‌ನಂಥ ಮಖಮಲ್ಲಿನ ಮೈಯ ಚರ್ಮಕ್ಕೆ ನೀರೇ ಬೇಡ, ಒಣ ಬ್ರಷ್ ಮತ್ತು ಪೆನ್ಸಿಲ್ ಅಳಿಸುವ ರಬ್ಬರ್ ಸಾಕು.

ವಾಸನೆ ಬರುತ್ತಿದೆ, ಕಲೆ ಇಲ್ಲ

ಬೆವರಿಗೆ ತನ್ನದೇ ವಾಸನೆ ಹೆಚ್ಚಿಲ್ಲ. ಹಸಿ ಚರ್ಮದಲ್ಲಿ ಬೆಳೆದ ಬ್ಯಾಕ್ಟೀರಿಯಾದಿಂದ ವಾಸನೆ ಹುಟ್ಟುತ್ತದೆ. ಅತ್ತರು, ಡಿಯೋ ಹೊಡೆಯುವ ಮೊದಲು ಬೆಲ್ಟನ್ನು ಎರಡು ದಿನ ಗಾಳಿಗೆ ಬಿಡಿ. ಅಷ್ಟರಲ್ಲೇ ವಾಸನೆ ಅರ್ಧಕ್ಕೆ ಇಳಿದರೆ ಬೆಲ್ಟ್ ಕೆಟ್ಟಿಲ್ಲ, ಒಣಗಲು ಬಿಡುವು ಸಿಕ್ಕಿಲ್ಲ ಅಷ್ಟೆ. ಮೇಲೆ ಹೇಳಿದಂತೆ ಒಳಮೈ ಒರೆಸಿ ಒಣಗಿಸಿದರೆ ಉಳಿದದ್ದೂ ಹೋಗುತ್ತದೆ. ತೊಳೆದು ಪೂರ್ತಿ ಒಣಗಿಸಿದ ಮೇಲೂ, ಕೈಗೆ ಕಟ್ಟಿದ ಒಂದು ಗಂಟೆಯಲ್ಲೇ ಮೈಬಿಸಿಗೆ ವಾಸನೆ ಏಳುತ್ತಿದ್ದರೆ ಕೊಳೆ ನಡುವಿನ ತುಂಬುಪದರದಲ್ಲಿದೆ. ಹೊಲಿಗೆ ಬಿಚ್ಚದೆ ಅಲ್ಲಿಗೆ ಬಟ್ಟೆಯಾಗಲಿ ಆಲ್ಕೋಹಾಲ್ ಆಗಲಿ ತಲುಪುವುದಿಲ್ಲ. ಆ ಬೆಲ್ಟನ್ನು ಬಿಡಬೇಕು.

ಮಳೆಯಲ್ಲಿ ನೆನೆದಿದೆ, ಅಥವಾ ಈಗಷ್ಟೇ ಒರೆಸಿದ್ದೀರಿ

ಬೆಲ್ಟ್‌ಗಳು ಹೆಚ್ಚು ಹಾಳಾಗುವುದು ನೆನೆದದ್ದರಿಂದಲ್ಲ, ಅವಸರದಲ್ಲಿ ಒಣಗಿಸಿದ್ದರಿಂದ. ಚರ್ಮವೆಂದರೆ ಕೊಲಾಜೆನ್ ನಾರುಗಳ ಹೆಣಿಗೆ. ಒಣ ಚರ್ಮ ತಡೆಯುವ ಬಿಸಿಯನ್ನು ಹಸಿ ಚರ್ಮ ತಡೆಯುವುದಿಲ್ಲ. ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮವಾದರೆ, ಹಸಿಯಿದ್ದಾಗ 70-80 ಡಿಗ್ರಿಯ ಆಸುಪಾಸಿನಲ್ಲೇ ನಾರುಗಳು ಮುದುಡಿಕೊಳ್ಳುತ್ತವೆ. ಹೇರ್ ಡ್ರೈಯರಿನ ಬಾಯಿಗೆ ಹತ್ತಿರ ಹಿಡಿದರೆ ಅಷ್ಟು ಬಿಸಿ ತಗಲುವುದು ಕಷ್ಟವಲ್ಲ. ಹಾಗೆ ಮುದುಡಿದ ಚರ್ಮ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ, ಮತ್ತೆ ಮೆತ್ತಗಾಗುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ಒಲೆಯ ಪಕ್ಕ, ಕಾರಿನ ಡ್ಯಾಶ್‌ಬೋರ್ಡ್, ನಡು ಮಧ್ಯಾಹ್ನದ ಬಿಸಿಲು, ಎಲ್ಲವನ್ನೂ ಬಿಡಿ.

ಬಿಳಿ ಟಿಶ್ಯೂ ಅಥವಾ ಹಳೆಯ ಪಂಚೆಯ ತುಂಡಿನ ನಡುವೆ ಬೆಲ್ಟನ್ನು ಇಟ್ಟು ಅಂಗೈಯಿಂದ ಒತ್ತಿ ನೀರು ತೆಗೆಯಿರಿ. ಪತ್ರಿಕೆಯ ಕಾಗದ ನೀರು ಹೀರುತ್ತದೆ, ಆದರೆ ತಿಳಿ ಬಣ್ಣದ ಬೆಲ್ಟಿಗೆ ಅದರ ಮಸಿ ಹತ್ತುತ್ತದೆ. ಆಮೇಲೆ ಒಳಮೈ ಹೊರಗೆ ಕಾಣುವಂತೆ, ನೆರಳಿನಲ್ಲಿ, ದಾರಕ್ಕೆ ತೂಗುಹಾಕಿ. ಫ್ಯಾನಿನ ಗಾಳಿ ಎದುರಿನಿಂದಲ್ಲ, ಪಕ್ಕದಿಂದ ಮೆಲ್ಲಗೆ ಹಾದುಹೋಗಲಿ. ಅರ್ಧ ಒಣಗಿದಾಗ ತೆಗೆದು ಕೈಯಿಂದ ಮಣಿಕಟ್ಟಿನ ಆಕಾರಕ್ಕೆ ಒಂದೆರಡು ಸಲ ಮೃದುವಾಗಿ ಬಾಗಿಸಿದರೆ ಪೂರ್ತಿ ಒಣಗಿದ ಮೇಲೆ ಬಿರುಸಾಗುವುದಿಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡುವ ರೂಢಿಯೂ ಇದೆ. ಮುಚ್ಚಿದ ಡಬ್ಬದೊಳಗೆ ಒದ್ದೆ ಬೆಲ್ಟ್ ಇಡುವುದೆಂದರೆ ಬೂಸ್ಟಿಗೆ ಮನೆ ಕಟ್ಟಿಕೊಟ್ಟಂತೆ. ಸಿಲಿಕಾ ಜೆಲ್ ಪೊಟ್ಟಣವಿರುವ ಡಬ್ಬ ಒಳ್ಳೆಯದೇ, ಆದರೆ ಒಣಗಿದ ಮೇಲೆ.

ಒಣಗಿತು ಎಂದು ತಿಳಿಯುವುದು ಹೇಗೆ? ಮುಟ್ಟಿ ನೋಡಿದರೆ ಮೋಸ ಹೋಗುತ್ತೇವೆ. ಮೇಲ್ಮೈ ಒಂದು ರಾತ್ರಿಯಲ್ಲಿ ಒಣಗಿದರೂ ತುಂಬುಪದರ ಹಸಿಯಾಗಿರುತ್ತದೆ. ಬೆಲ್ಟನ್ನು ಮೇಲ್ತುಟಿಗೆ ತಾಗಿಸಿ ನೋಡಿ. ಹಸಿ ಇದ್ದರೆ ತಣ್ಣಗೆ ಅನಿಸುತ್ತದೆ, ಬೆರಳಿಗಿಂತ ತುಟಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. (ಬೂಸ್ಟು ಇದ್ದ ಬೆಲ್ಟಿಗೆ ಈ ಪರೀಕ್ಷೆ ಬೇಡ.) ಇನ್ನೂ ನಂಬಿಕೆಯ ದಾರಿ ತೂಕ. ಗ್ರಾಮಿನ ಹತ್ತನೇ ಒಂದು ಪಾಲನ್ನು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ನನ್ನ ಹತ್ತಿರ ಇದೆ. ದೊಡ್ಡಪ್ಪನ ಬೆಲ್ಟ್ ಒರೆಸಿದ ಭಾನುವಾರ ಸಂಜೆ 15.6 ಗ್ರಾಂ ಇತ್ತು. ಸೋಮವಾರ 14.1. ಮುಟ್ಟಿದರೆ ಒಣಗಿದಂತೆಯೇ ಇತ್ತು, ಆದರೂ ಬಿಟ್ಟೆ. ಮಂಗಳವಾರ 13.3, ಬುಧವಾರ 13.1, ಗುರುವಾರವೂ 13.1. ಎರಡು ದಿನ ಸತತವಾಗಿ ಒಂದೇ ತೂಕ ಬಂದರೆ ಆ ಹವೆಯಲ್ಲಿ ಅದು ಒಣಗಬಹುದಾದಷ್ಟು ಒಣಗಿದೆ ಎಂದು ಅರ್ಥ. ಸೋಮವಾರವೇ ವಾಚಿಗೆ ಹಾಕಿದ್ದರೆ ಒಂದು ಗ್ರಾಂ ನೀರನ್ನು ಒಳಗೇ ಕಟ್ಟಿಟ್ಟಂತಾಗುತ್ತಿತ್ತು. ಬೇಸಿಗೆಯಲ್ಲಿ ಈ ಕೆಲಸಕ್ಕೆ ಒಂದು ದಿನ ಸಾಕು. ಕರಾವಳಿಯ ಮಳೆಗಾಲದಲ್ಲಿ ಮೂರು ದಿನ ಕೊಡಬೇಕು.

ಬೆಲ್ಟ್ ಬಿರುಸಾಗಿದೆ, ಸಣ್ಣ ಗೆರೆಗಳು ಬಿದ್ದಿವೆ

ಒಣಗಿದ ಮೇಲೆ ಬೆಲ್ಟನ್ನು ಪೆನ್ನಿನಷ್ಟು ದಪ್ಪದ ಕಡ್ಡಿಯ ಸುತ್ತ ನಿಧಾನವಾಗಿ ಬಾಗಿಸಿ. ಗೆರೆಗಳು ಮೂಡಿ, ಬಿಟ್ಟಾಗ ಮಾಯವಾದರೆ ಅದು ಬಳಕೆಯ ಸುಕ್ಕು. ಗೆರೆ ಹಾಗೆಯೇ ಉಳಿದು, ಒಳಗೆ ಬಣ್ಣವಿಲ್ಲದ ನಾರು ಕಂಡರೆ ಅದು ಬಿರುಕು. ಸುಕ್ಕಿಗೆ ಚರ್ಮದ ಕಂಡಿಷನರ್ ಕ್ರೀಮು ನೆರವಾಗುತ್ತದೆ. ಬಿರುಕಿಗೆ ಯಾವ ಕ್ರೀಮೂ ಇಲ್ಲ, ತುಂಡಾದ ನಾರನ್ನು ಎಣ್ಣೆ ಜೋಡಿಸುವುದಿಲ್ಲ.

ಕ್ರೀಮು ಎಷ್ಟೆಂದರೆ ಒಂದು ಅಕ್ಕಿಕಾಳಿನಷ್ಟು, ಇಡೀ ಬೆಲ್ಟಿಗೆ. ಬಟ್ಟೆಗೆ ಹಚ್ಚಿಕೊಂಡು ಮೇಲ್ಮೈಗೆ ಮಾತ್ರ ಸವರಿ, ಹತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಒಳಮೈಗೆ ಹಚ್ಚಬೇಡಿ. ಅಲ್ಲಿ ಅದು ಬೆವರಿನ ಜೊತೆ ಸೇರಿ ಜಿಡ್ಡಾಗುತ್ತದೆ. ತೆಂಗಿನೆಣ್ಣೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಬೇಡ. ಅದು ಚರ್ಮವನ್ನು ಕಪ್ಪಾಗಿಸುತ್ತದೆ, ಒಳಗಿಳಿದು ಪದರಗಳ ಅಂಟನ್ನು ಸಡಿಲಿಸುತ್ತದೆ, ಧೂಳು ಹಿಡಿಯುತ್ತದೆ. ಮೊದಲ ವಾರ ಮೆತ್ತಗಾದಂತೆ ಕಾಣುವುದರಿಂದಲೇ ಜನ ಅದನ್ನು ನಂಬುತ್ತಾರೆ.

ಬಕಲಿನ ಬುಡದಲ್ಲಿ ಹಸಿರು ಮೇಣದಂತೆ ಏನಾದರೂ ಕಂಡರೆ, ಬಕಲಿನ ಲೇಪ ಸವೆದು ಅಡಿಯ ಹಿತ್ತಾಳೆ ಚರ್ಮದ ಕೊಬ್ಬಿನ ಜೊತೆ ಸೇರಿದೆ ಎಂದರ್ಥ. ಹಲ್ಲುಕಡ್ಡಿಯಿಂದ ತೆಗೆದು ಒರೆಸಿ ಕೈ ತೊಳೆದುಕೊಳ್ಳಿ. ಬಕಲ್ ಬದಲಿಸುವವರೆಗೆ ಅದು ಮತ್ತೆ ಬರುತ್ತದೆ.

ಕೈಯಲ್ಲಿ ತುರಿಕೆ, ಕೆಂಪು ಗುಳ್ಳೆ

ಇಲ್ಲಿ ಬೆಲ್ಟ್ ಆಮೇಲೆ, ಕೈ ಮೊದಲು. ವಾಚ್ ಬಿಚ್ಚಿಡಿ. ಕೆಂಪು ಎಲ್ಲಿದೆ ನೋಡಿ. ಸರಿಯಾಗಿ ಬಕಲಿನ ಅಡಿಯಲ್ಲಿ ಮಾತ್ರ ಇದ್ದರೆ ಲೋಹದಲ್ಲಿನ ನಿಕಲ್ ಕಾರಣವಾಗಿರಬಹುದು. ಬೆಲ್ಟಿನ ಅಗಲಕ್ಕೆ ಪಟ್ಟಿಯಂತೆ ಇದ್ದರೆ ಹಸಿ, ಸೋಪಿನ ಉಳಿಕೆ, ಅಥವಾ ಚರ್ಮ ಹದ ಮಾಡಲು ಬಳಸಿದ ಕ್ರೋಮಿಯಂ ಮತ್ತು ಬಣ್ಣ ಕಾರಣವಾಗಿರಬಹುದು. ಕೈ ಪೂರ್ತಿ ವಾಸಿಯಾದ ಮೇಲೆ ಒಣಗಿದ ಬೆಲ್ಟನ್ನು ಒಂದು ತೂತು ಸಡಿಲವಾಗಿ ಕಟ್ಟಿ ನೋಡಬಹುದು. ಮತ್ತೆ ಬಂದರೆ ಆ ಬೆಲ್ಟ್ ನಿಮ್ಮ ಮೈಗೆ ಆಗದು. ನೀರುಗುಳ್ಳೆ ಎದ್ದರೆ, ರಸ ಒಸರಿದರೆ, ಹರಡಿದರೆ, ಒಂದು ವಾರದಲ್ಲಿ ಇಳಿಯದಿದ್ದರೆ ಚರ್ಮದ ವೈದ್ಯರನ್ನು ಕಾಣಿ. ಮನೆಯಲ್ಲಿ ಉಳಿದಿದ್ದ ಯಾವುದೋ ಸ್ಟೆರಾಯ್ಡ್ ಮುಲಾಮು ಹಚ್ಚಿ ಅದೇ ಬೆಲ್ಟ್ ಮುಂದುವರಿಸುವುದು ಸರಿಯಲ್ಲ.

ಬದಲಿಸುವ ಹೊತ್ತು ಬಂತೇ?

ನೋಟಕ್ಕೆ ಹಳೆಯದಾಗಿದೆ ಎಂಬ ಕಾರಣಕ್ಕೆ ಬೆಲ್ಟ್ ಬದಲಿಸಬೇಕಿಲ್ಲ. ಬೆಲ್ಟ್ ತುಂಡಾದರೆ ವಾಚ್ ನೆಲಕ್ಕೆ ಬೀಳುತ್ತದೆ, ಹಾಗಾಗಿ ನೋಡಬೇಕಾದ್ದು ಭಾರ ಹೊರುವ ಜಾಗಗಳನ್ನು. ಅವು ಮೂರು. ಪಿನ್ ತೂರುವ ಮಡಿಕೆ, ಬಕಲಿನ ಮಡಿಕೆ, ನೀವು ದಿನಾ ಹಾಕುವ ತೂತು. ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಕೀಲಿ ಕೊಡುವಷ್ಟೇ ಬಲದಲ್ಲಿ ಎಳೆದು ನೋಡಿ. ಮಡಿಕೆಯ ಬಳಿ ಪದರಗಳು ಬಾಯಿ ಬಿಟ್ಟರೆ, ಹೊಲಿಗೆಯ ನೂಲು ಎದ್ದರೆ, ತೂತು ಉದ್ದವಾಗಿ ಪಕ್ಕದ ತೂತಿನತ್ತ ಸೀಳು ಹೊರಟಿದ್ದರೆ ಇವತ್ತೇ ಬದಲಿಸಿ. ನಡುವೆ ಬಣ್ಣ ಮಾಸಿದೆ, ಅಂಚಿನ ಬಣ್ಣ ಒಂದೆಡೆ ಎದ್ದಿದೆ ಎಂದರೆ ಇನ್ನೂ ನಡೆಯುತ್ತದೆ. ಹಳೆಯ ಬೆಲ್ಟಿನ ಒಳಮೈ ಮುಟ್ಟಿದರೆ ಕೆಂಪು ಮಿಶ್ರಿತ ಕಂದು ಪುಡಿ ಉದುರುತ್ತಿದ್ದರೆ ಚರ್ಮದ ನಾರೇ ಕೊಳೆತಿದೆ, ಅದಕ್ಕೆ ದುರಸ್ತಿ ಇಲ್ಲ. ಸರಿಯಾಗಿ ತೊಳೆದು ಒಣಗಿಸಿದ ಮೇಲೂ ತಿಂಗಳೊಳಗೆ ಅದೇ ಹೊಲಿಗೆಯ ಸಾಲಿನಲ್ಲಿ ಬೂಸ್ಟು ಬಂದರೆ ಅದನ್ನೂ ಬಿಡಿ. ಬೇರೆ ಬೆಲ್ಟ್‌ಗಳ ಜೊತೆ ಒಂದೇ ಡಬ್ಬದಲ್ಲಿ ಇಡಬೇಡಿ.

ಪಿನ್ನನ್ನು ಯಾರೂ ನೋಡುವುದಿಲ್ಲ. ಉಪ್ಪು ಅದನ್ನೂ ತಿನ್ನುತ್ತದೆ. ತುದಿಯನ್ನು ಉಗುರಿನಿಂದ ಒತ್ತಿ ಬಿಟ್ಟಾಗ ಚಟ್ಟನೆ ಹೊರಗೆ ಬರಬೇಕು. ತಡವರಿಸಿದರೆ, ಬಾಗಿದ್ದರೆ, ಕಂದು ತುಕ್ಕು ಕಂಡರೆ ಎರಡೂ ಪಿನ್ ಹೊಸದು ಹಾಕಿ. ಹೊಸ ಬೆಲ್ಟಿಗೆ ಯಾವತ್ತೂ ಹೊಸ ಪಿನ್ ಹಾಕುವುದು ನನ್ನ ಪದ್ಧತಿ, ಬೆಲ್ಟಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಹೊಸ ಬೆಲ್ಟ್ ಕೊಳ್ಳುವಾಗ ವಾಚಿನ ಕಿವಿಗಳ ನಡುವಿನ ಒಳ ಅಂತರವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಹಳೆಯ ಬೆಲ್ಟನ್ನು ಅಳೆಯಬೇಡಿ, ಅದು ಸವೆದಿರುತ್ತದೆ. ದೊಡ್ಡಪ್ಪನ ಜನತಾದಲ್ಲಿ 18 ಮಿ.ಮೀ. ಇತ್ತು. 20ರ ಬೆಲ್ಟನ್ನು ಹಿಸುಕಿ ಕೂರಿಸಿದರೆ ಅಂಚು ಮುದುಡಿ ಅಲ್ಲಿಂದಲೇ ಪದರ ಬಿಡುತ್ತದೆ. 16ರದ್ದು ಹಾಕಿದರೆ ಪಿನ್ ಬರಿದಾಗಿ ಕಂಡು ಬೆಲ್ಟ್ ಅತ್ತಿತ್ತ ಸರಿಯುತ್ತದೆ. ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಲಾನ್ ಅಥವಾ ರಬ್ಬರ್ ಬೆಲ್ಟ್ ಹಾಕಿಕೊಂಡು ಚರ್ಮದ್ದನ್ನು ತೊಳೆದು, ಒಣಗಿಸಿ ಎತ್ತಿಡುವುದು ಒಳ್ಳೆಯದು. ಚರ್ಮವೇ ಬೇಕೆಂದರೆ ಎರಡು ಬೆಲ್ಟ್ ಇಟ್ಟುಕೊಂಡು ವಾರಕ್ಕೊಂದರಂತೆ ಬದಲಿಸಿ. ರಾತ್ರಿ ವಾಚ್ ಬಿಚ್ಚಿದಾಗ ಒಳಮೈಯನ್ನು ಒಣ ಬಟ್ಟೆಯಿಂದ ಒಮ್ಮೆ ಒರೆಸಿ, ಬಕಲ್ ಹಾಕದೆ ಬಿಡಿಸಿಡಿ.

ದೊಡ್ಡಪ್ಪನ ಬೆಲ್ಟ್ ಕೊನೆಗೆ ಏನಾಯಿತು? ಉಪ್ಪು ಹೋಯಿತು, ಬೂಸ್ಟು ಹೋಯಿತು, ಗುರುವಾರ ಚರ್ಮ ಮೆತ್ತಗೆ, ಒಣಗಿ, ಚೆನ್ನಾಗಿಯೇ ಇತ್ತು. ಆದರೆ ಎಳೆದು ನೋಡಿದಾಗ 12 ಗಂಟೆಯ ಬದಿಯ ಪಿನ್ ಮಡಿಕೆಯಲ್ಲಿ ಉಗುರಿನ ತುದಿಯಷ್ಟು ಪದರ ಬಿಟ್ಟಿತ್ತು. ಫೋನಿನಲ್ಲಿ ಹೇಳಿದೆ. "ಅಂಟು ಹಾಕಿದರೆ ಆಗುದಿಲ್ವಾ?" ಎಂದು ಕೇಳಿದರು. ಅಂಟು ಹಾಕಬಹುದಿತ್ತು, ಆದರೆ ಅದೇ ಮಡಿಕೆ ವಾಚಿನ ಭಾರ ಪೂರ್ತಿ ಹೊರುತ್ತದೆ, ಬೆವರಿಗೆ ಅಂಟು ಬಿಟ್ಟರೆ ಬಸ್ಸಿನ ಕಂಬಿ ಹಿಡಿದು ನಿಂತಾಗಲೇ ವಾಚ್ ಕಳಚಿ ಬೀಳಬಹುದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೊಸತೇ ಹಾಕು" ಎಂದರು. ಈಗ ಜನತಾ ಕಪ್ಪು ನೈಲಾನ್ ಬೆಲ್ಟಿನಲ್ಲಿ ಪುತ್ತೂರಿನಲ್ಲಿದೆ. 18ರ ಚರ್ಮದ ಬೆಲ್ಟೊಂದು ಎರಡು ಹೊಸ ಪಿನ್ನುಗಳ ಜೊತೆ ನನ್ನ ಡಬ್ಬದಲ್ಲಿ ಅಕ್ಟೋಬರಿಗೆ ಕಾಯುತ್ತಿದೆ.